ಫೆಬ್ರವರಿಯಲ್ಲಿ ಬಡ್ಡಿ ಇಳಿದು ಮಾರ್ಚ್‌ನಲ್ಲಿ ಮತ್ತೆ ಏರಿದ್ದು ಯಾಕೆ?

ಪ್ರಶ್ನೆ: ಮನೆ ಸಾಲ, ಬಡ್ಡಿ ಶೇ. 9. ಜನವರಿ 1ಕ್ಕೆ ಬಾಕಿ 20 ಲಕ್ಷ ಇತ್ತು. ಪ್ರತಿ 5ನೇ ತಾರೀಖು 18,000 ಕಂತು ಹೋಗುತ್ತದೆ. ಸ್ಟೇಟ್‌ಮೆಂಟ್‌ನಲ್ಲಿ ಬಡ್ಡಿ ಜನವರಿಗೆ 15,168, ಫೆಬ್ರವರಿಗೆ 13,682, ಮಾರ್ಚ್‌ಗೆ 15,113. ದರ ಬದಲಾಗಿಲ್ಲ. ಬ್ಯಾಂಕ್‌ನವರು ತಪ್ಪು ಮಾಡಿದ್ದಾರಾ ಸರ್?

ಸದಸ್ಯರೊಬ್ಬರು: ಕಂತು ಕಟ್ಟುತ್ತಾ ಹೋದ ಹಾಗೆ ಅಸಲು ಕರಗುತ್ತದೆ, ಬಡ್ಡಿನೂ ಇಳಿಯುತ್ತದೆ. ಅಷ್ಟೇ.

ನಿವೃತ್ತ ಬ್ಯಾಂಕ್ ಅಧಿಕಾರಿ: ಅಸಲು ಕರಗುವುದು ನಿಜ. ಆದರೆ ಅದೊಂದೇ ಕಾರಣವಾಗಿದ್ದರೆ ಮಾರ್ಚ್‌ನಲ್ಲಿ ಬಡ್ಡಿ ಮತ್ತೆ ಏರುತ್ತಿರಲಿಲ್ಲ ಅಲ್ವಾ? ಇಲ್ಲಿ ಮುಖ್ಯವಾದದ್ದು ದಿನಗಳ ಲೆಕ್ಕ. ನಿಮ್ಮ ಸಾಲಕ್ಕೆ ಆಯಾ ದಿನದ ಬಾಕಿ ಮೇಲೆ ಬಡ್ಡಿ ಬೀಳುತ್ತದೆ. ತಿಂಗಳ ಕೊನೆಗೆ ಅದನ್ನೆಲ್ಲ ಕೂಡಿಸಿ ಖಾತೆಗೆ ಹಾಕುತ್ತಾರೆ.

ಜನವರಿಯನ್ನೇ ನೋಡಿ. 1ರಿಂದ 4ರವರೆಗೆ ಬಾಕಿ 20 ಲಕ್ಷ. 5ಕ್ಕೆ ಕಂತು ಬಂತು, ಉಳಿದ 27 ದಿನ ಬಾಕಿ 19,82,000. ಒಂದೊಂದು ಬಾಕಿಯನ್ನೂ ಅದರ ದಿನಗಳಿಂದ ಗುಣಿಸಿ ಕೂಡಿಸಿ. ಬಂದದ್ದಕ್ಕೆ ಶೇ. 9 ಹಾಕಿ 365ರಿಂದ ಭಾಗಿಸಿ. 15,168 ಸರಿಯಾಗಿ ಬರುತ್ತದೆ. ಫೆಬ್ರವರಿಗೂ ಇದೇ ಲೆಕ್ಕ, ಆದರೆ ಮೂರು ದಿನ ಕಡಿಮೆ. ಆ ಮೂರು ದಿನಕ್ಕೇ ಹತ್ತಿರ ಹತ್ತಿರ 1,500 ರೂಪಾಯಿ.

ತಪ್ಪಿದೆಯೋ ಇಲ್ಲವೋ ನೋಡಲು ಸುಲಭದ ದಾರಿ ಇದೆ. ಬಡ್ಡಿಯನ್ನು ಆ ತಿಂಗಳ ದಿನಗಳಿಂದ ಭಾಗಿಸಿ. ನಿಮ್ಮದು ದಿನಕ್ಕೆ 489.29, ಆಮೇಲೆ 488.64, ಆಮೇಲೆ 487.52. ಹೀಗೆ ಮೆಲ್ಲಗೆ ಇಳಿಯುತ್ತಿದ್ದರೆ ಲೆಕ್ಕ ಸರಿಯಿದೆ. ಇದ್ದಕ್ಕಿದ್ದ ಹಾಗೆ ಜಿಗಿದರೆ ಮಾತ್ರ ಬ್ಯಾಂಕಿಗೆ ಹೋಗಿ. ದರ ಏರಿರಬಹುದು, ಇಲ್ಲ ಕಂತು ತಡವಾಗಿ ಜಮಾ ಆಗಿರಬಹುದು.

ಇನ್ನೊಬ್ಬರು: ನನ್ನ ಕಂತು ಒಮ್ಮೆ 5ರ ಬದಲು 9ಕ್ಕೆ ಹೋಯಿತು. ಬಡ್ಡಿ ಜಾಸ್ತಿ ಬಂತು. ಇದೂ ಹಾಗೇನಾ?

ನಿವೃತ್ತ ಬ್ಯಾಂಕ್ ಅಧಿಕಾರಿ: ನಿಮ್ಮದು ಬೇರೆ ವಿಷಯ ಅಮ್ಮ. 18,000 ನಾಲ್ಕು ದಿನ ತಡವಾದರೆ ಶೇ. 9ರಂತೆ ಬಡ್ಡಿ 18 ರೂಪಾಯಿಯೂ ಆಗುವುದಿಲ್ಲ. ಅದಕ್ಕಿಂತ ಜಾಸ್ತಿ ಹಿಡಿದಿದ್ದರೆ ಅದು ತಡ ಮಾಡಿದ್ದಕ್ಕೆ ಹಾಕಿದ ದಂಡ. ಸ್ಟೇಟ್‌ಮೆಂಟ್‌ನಲ್ಲಿ ಬೇರೆ ಸಾಲಿನಲ್ಲಿ ಇದೆಯಾ ನೋಡಿ.

ಪ್ರಶ್ನೆ ಕೇಳಿದವರು: ಹಾಗಾದರೆ ಫೆಬ್ರವರಿಯಲ್ಲಿ ಉಳಿದ ದುಡ್ಡು?

ನಿವೃತ್ತ ಬ್ಯಾಂಕ್ ಅಧಿಕಾರಿ: ಅಸಲಿಗೇ ಹೋಯಿತು. ಜನವರಿ ಕಂತಿನಲ್ಲಿ ಅಸಲಿಗೆ ಸಂದದ್ದು 2,832. ಫೆಬ್ರವರಿಯಲ್ಲಿ 4,318.

ಖಾಸಗಿ ಫೈನಾನ್ಸ್ ನೌಕರ: ಎಲ್ಲ ಕಡೆ ಹೀಗಿಲ್ಲ ಸರ್. ನಮ್ಮಲ್ಲಿ ವರ್ಷದ ಬಡ್ಡಿಯನ್ನು 12ರಿಂದ ಭಾಗಿಸುತ್ತೇವೆ. ಫೆಬ್ರವರಿಗೂ ಮಾರ್ಚ್‌ಗೂ ದಿನದ ವ್ಯತ್ಯಾಸ ಕಾಣುವುದೇ ಇಲ್ಲ. ಅಧಿಕ ವರ್ಷಕ್ಕೆ 366ರಿಂದ ಭಾಗಿಸಬೇಕು ಅಂತಾರಲ್ಲ, ಅದು?

ನಿವೃತ್ತ ಬ್ಯಾಂಕ್ ಅಧಿಕಾರಿ: ನಾನು 365 ಅಂತಲೇ ಮಾಡುತ್ತಿದ್ದೆ. ಎರಡೂ ರೀತಿ ನಡೆಯುತ್ತದೆ. ಸಾಲದ ಒಪ್ಪಂದದಲ್ಲಿ ಏನು ಬರೆದಿದೆಯೋ ಅದೇ ಲೆಕ್ಕ.

ಖಾಸಗಿ ಫೈನಾನ್ಸ್ ನೌಕರ: ಅಧಿಕ ವರ್ಷದಲ್ಲೂ 365 ಅಂದರೆ ಒಂದು ದಿನದ ಬಡ್ಡಿ ಹೆಚ್ಚಾಗಿ ಬೀಳುತ್ತದೆ. ನನಗಂತೂ ಅದು ಸರಿ ಅನಿಸುವುದಿಲ್ಲ.