ನೋಟಿಸ್ ಪೀರಿಯಡ್‌ನಲ್ಲಿ ಬಾಕಿ ರಜೆ: ವಜಾ ಹಾಕಿಸೋದಾ, ದುಡ್ಡು ತಗೊಳ್ಳೋದಾ?

ಪ್ರಶ್ನೆ: ಬೆಂಗಳೂರಿನ ಖಾಸಗಿ ಕಂಪನಿ, ಮೊನ್ನೆ ರಾಜೀನಾಮೆ ಕೊಟ್ಟೆ. ನೋಟಿಸ್ 60 ದಿನ. ಹೊಸ ಕಡೆಯವರು 42 ದಿನ ಆದ ಕೂಡಲೇ ಬನ್ನಿ ಅಂತಿದ್ದಾರೆ. 18 ಇಎಲ್ ಬಾಕಿ ಇದೆ. ಗ್ರಾಸ್ 60,000, ಬೇಸಿಕ್ 30,000. ಏನು ಮಾಡಲಿ ಸರ್?

ಉತ್ತರ (ಪೇರೋಲ್‌ನಲ್ಲಿ ಕೆಲಸ ಮಾಡುವವರು): ರಜೆಯನ್ನು ವಜಾ ಹಾಕಿಸಿಕೊಳ್ಳಿ, ಅಂದ್ರೆ ಅಷ್ಟು ದಿನ ನೋಟಿಸ್‌ನಲ್ಲಿ ಕಳೆಯಿಸಿಕೊಳ್ಳಿ. ಯಾಕೆ ಅಂದ್ರೆ, ತುಂಬಾ ಕಂಪನಿಗಳು ರಜೆಗೆ ದುಡ್ಡು ಕೊಡುವಾಗ ಬೇಸಿಕ್ ಹಿಡಿಯುತ್ತವೆ, ನೋಟಿಸ್ ಕಡಿಮೆಯಾದರೆ ಕತ್ತರಿಸುವಾಗ ಗ್ರಾಸ್ ಹಿಡಿಯುತ್ತವೆ. ತಿಂಗಳಿಗೆ 30 ದಿನದ ಲೆಕ್ಕದಲ್ಲಿ ನಿಮ್ಮ 18 ಇಎಲ್‌ಗೆ 18,000 ಬರುತ್ತದೆ. 18 ದಿನದ ನೋಟಿಸ್‌ಗೆ 36,000 ಹೋಗುತ್ತದೆ. ಸುಮ್ನೆ 18,000 ಕೈಬಿಟ್ಟ ಹಾಗೆ. ದಿನಕ್ಕೆ ದಿನ ವಜಾ ಆದರೆ ಎರಡೂ ಸೊನ್ನೆ.

ಆದರೆ ಮೇಲ್‌ನಲ್ಲಿ ಸರಿಯಾಗಿ ಕೇಳಿ. ‘ನೋಟಿಸ್‌ನಲ್ಲಿ ರಜೆ ಬೇಕು’ ಅಂದರೆ ರಿಲೀವಿಂಗ್ ತಾರೀಖು 60ನೇ ದಿನವೇ ಉಳಿಯುತ್ತದೆ. ಸಂಬಳ ಬರುತ್ತದೆ ನಿಜ, ಆದರೆ ಅಷ್ಟರೊಳಗೆ ಹೊಸ ಕಡೆ ಸೇರಿದರೆ ಪಿಎಫ್‌ನಲ್ಲಿ ಎರಡು ಕಂಪನಿಯ ತಾರೀಖು ಒಂದರ ಮೇಲೊಂದು ಬೀಳುತ್ತದೆ. ‘18 ಇಎಲ್ ನೋಟಿಸ್‌ಗೆ ವಜಾ ಮಾಡಿ, 42ನೇ ದಿನ ರಿಲೀವ್ ಮಾಡಿ’ ಅಂತ ಬರೆಯಿರಿ.

ಇನ್ನೊಬ್ಬರು: ನೋಟಿಸ್‌ನಲ್ಲಿ ರಜೆ ಹಾಕಿದರೆ ಅಷ್ಟು ದಿನ ನೋಟಿಸ್ ಮುಂದಕ್ಕೆ ಹೋಗುತ್ತೆ, ಅದು ಕಾನೂನು.

ಉತ್ತರ: ಹಲವು ಕಡೆ ಹಾಗೆ ಮಾಡುತ್ತಾರೆ, ಸರಿ. ಆದರೆ ಅದು ಕಂಪನಿಯ ಪಾಲಿಸಿ, ಕಾನೂನಲ್ಲ. ಆಫರ್ ಲೆಟರ್ ತೆಗೆದು ನೋಡಿ. ವಜಾ ಹಾಕೋದೂ ಅವರು ಒಪ್ಪಿದರೆ ಮಾತ್ರ, ಹಕ್ಕಲ್ಲ.

ಒಬ್ಬ ಟೀಚರ್: ನಮಗೆ ವರ್ಷಕ್ಕೆ 15 ದಿನ ಗಳಿಕೆ ರಜೆ ನಗದೀಕರಣ ಇದೆಯಲ್ಲ, ನೀವು ಯಾಕೆ ವರ್ಷಾವರ್ಷ ತಗೊಂಡಿಲ್ಲ?

ಉತ್ತರ: ಮೇಡಂ, ಅದು ಸರ್ಕಾರಿ ನೌಕರರಿಗೆ. ಇವರದ್ದು ಖಾಸಗಿ. ಒಂದು ವ್ಯತ್ಯಾಸ ಹೇಳ್ತೀನಿ: ಕೆಲಸದಲ್ಲಿದ್ದಾಗ ತಗೊಂಡ ರಜೆ ದುಡ್ಡಿಗೆ ಪೂರ್ತಿ ತೆರಿಗೆ. ಕೆಲಸ ಬಿಡುವಾಗ ಬಂದರೆ ಖಾಸಗಿಯವರಿಗೆ ಜೀವಮಾನದಲ್ಲಿ ಒಟ್ಟು 25 ಲಕ್ಷದವರೆಗೆ, ಕೆಲವು ಲೆಕ್ಕಾಚಾರಕ್ಕೆ ಒಳಪಟ್ಟು, ವಿನಾಯಿತಿ ಇದೆ.

ಕೇಳಿದವರು: 6 ಸಿಎಲ್ ಕೂಡ ಇದೆ, ಅದಕ್ಕೂ ದುಡ್ಡು ಬರುತ್ತಾ?

ಉತ್ತರ: ಸಾಮಾನ್ಯವಾಗಿ ಇಲ್ಲ, ಲ್ಯಾಪ್ಸ್ ಆಗುತ್ತದೆ. ಇನ್ನೊಂದು, ಇವತ್ತೇ ಪೋರ್ಟಲ್‌ನ ರಜೆ ಪುಟದ ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಸ್ವಂತ ಮೇಲ್‌ಗೆ ಹಾಕಿಕೊಳ್ಳಿ. ಕೊನೆಯ ದಿನ ಸಂಜೆ ಲಾಗಿನ್ ಮುಚ್ಚಿದರೆ, ಸೆಟಲ್‌ಮೆಂಟ್‌ನಲ್ಲಿ 18 ಬದಲು 11 ಅಂತ ಬಂದಾಗ ತೋರಿಸೋಕೆ ಏನೂ ಇರಲ್ಲ. ನನಗೆ ಹಾಗೇ ಆಗಿತ್ತು.

ಕೇಳಿದವರು (ಎರಡು ದಿನದ ನಂತರ): ಎಚ್‌ಆರ್ 12 ದಿನ ವಜಾಗೆ ಒಪ್ಪಿದ್ದಾರೆ. ಉಳಿದ 6 ದಿನಕ್ಕೆ ಮ್ಯಾನೇಜರ್ ಒಪ್ಪಿಲ್ಲ.

ಉತ್ತರ: ಆ 6 ಇಎಲ್‌ಗೆ 6,000 ಬಂದು 12,000 ಕತ್ತರಿಸಿದರೆ ನಷ್ಟ 6,000. ಅದನ್ನು ಹೊಸ ಕಂಪನಿ ಭರಿಸುತ್ತಾ, ಇಲ್ಲ 6 ದಿನ ತಡವಾಗಿ ಸೇರಲು ಬಿಡುತ್ತಾ ಕೇಳಿ. ಆಮೇಲೆ ಇಲ್ಲಿ ತಿಳಿಸಿ.