ಅಪ್‌ಡೇಟ್: ಮೈಗ್ರೇನ್ ಇದ್ದರೂ ಗರ್ಭನಿರೋಧಕ ಮಾತ್ರೆ ತಗೋಬಹುದಾ?

ನಾನು ಕೇಳಿದ್ದು: "ವಯಸ್ಸು 34. ತಲೆನೋವಿಗೆ ಮುಂಚೆ ಕಣ್ಮುಂದೆ ಮಿಂಚಿನ ಗೆರೆ ಬರುತ್ತವೆ. ಗರ್ಭನಿರೋಧಕ ಮಾತ್ರೆ ಮುಂದುವರಿಸಲಾ?"

ಹೋದ ವಾರ ಹುಬ್ಬಳ್ಳಿಯಲ್ಲಿ ಡಾಕ್ಟರಿಗೆ ತೋರಿಸಿದೆ. ಬಿಪಿ ನೋಡಿ, ಕಾಗದ ಕೊಟ್ಟು, "ಏನು ಕಾಣಸ್ತದ, ಬಿಡಿಸ್ರಿ" ಅಂದರು. ಅಂಕುಡೊಂಕು ಗೆರೆ ಬಿಡಿಸಿದೆ. ನಡುವೆ ಚುಕ್ಕೆಯಾಗಿ ಶುರುವಾಗಿ, 20 ನಿಮಿಷದಲ್ಲಿ ಮೆಲ್ಲಗೆ ಅಂಚಿಗೆ ಹರಡುತ್ತದೆ. ಇದೇ ಆರಾ ಅಂತೆ.

ನನ್ನ ಮಾತ್ರೆಯಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟೋಜನ್ ಎರಡೂ ಇದ್ದವು. ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ. ಆರಾ ಇರುವವರಿಗೆ ಸ್ಟ್ರೋಕ್ ಅಪಾಯ ಮೊದಲೇ ಸ್ವಲ್ಪ ಜಾಸ್ತಿ. ಈ ವಯಸ್ಸಲ್ಲಿ ಸ್ಟ್ರೋಕ್ ಅಪರೂಪವೇ, ಆದರೂ ಎರಡನ್ನೂ ಕೂಡಿಸಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಆರಾ ಇದ್ದರೆ, ಯಾವ ವಯಸ್ಸಿಗೂ, ಈ ಮಾತ್ರೆ ಬೇಡ ಅಂತಿದೆ. ಮೂರು ವರ್ಷ ನುಂಗಿದೆ, ಆರಾ ಬಗ್ಗೆ ಯಾರೂ ಕೇಳಿರಲಿಲ್ಲ. ಆ ಬೇಜಾರು ಇನ್ನೂ ಇದೆ.

ಪ್ರೊಜೆಸ್ಟೋಜನ್ ಮಾತ್ರ ಇರುವ ಮಾತ್ರೆ ಅಥವಾ ಕಾಪರ್-ಟಿ, ಆಯ್ಕೆ ನನಗೇ ಬಿಟ್ಟರು. ಹಾರ್ಮೋನೇ ಇಲ್ಲದ ಕಾಪರ್-ಟಿ ಹಾಕಿಸಿಕೊಂಡೆ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗಬಹುದು ಅಂದಿದ್ದಾರೆ.

ಒಮ್ಮೆಲೇ ಬಾಯಿ ಸೊಟ್ಟಗಾದರೆ, ಕೈ ಬಲ ಹೋದರೆ, ಮಾತು ತೊದಲಿದರೆ ಮೈಗ್ರೇನ್ ಅಂತ ಮಲಗಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ ಅಂತ ಹೇಳಿದರು. ಮನೆಯವರಿಗೂ ತಿಳಿಸಿದ್ದೇನೆ.