ಸಹಾಯ ಬೇಕು: ಕೇದಗೆ ಮುಂದಲೆ ಕಟ್ಟಿದರೆ ಬೆಕ್ಕಿನ ಹಣೆಯ ಬಣ್ಣ ಮುಚ್ಚಿಹೋಗುತ್ತೆ

ನಮಸ್ಕಾರ. ಚಿಕ್ಕಮ್ಮನ ಬೆಕ್ಕು ಚುಕ್ಕಿಯನ್ನು ಯಕ್ಷಗಾನದ ಅಭಿಮನ್ಯು ವೇಷದಲ್ಲಿ, ತಲೆಗೆ ಕಟ್ಟುವ ಕೇದಗೆ ಮುಂದಲೆಯ ಸಮೇತ, ವಾಟರ್ ಕಲರ್‌ನಲ್ಲಿ ಬಿಡಿಸುತ್ತಿದ್ದೇನೆ. ಮೂರು ಬಣ್ಣದ ಬೆಕ್ಕು. ಅದರ ಎಡಗಣ್ಣಿನ ಸುತ್ತ ಕಪ್ಪು, ಬಲಗಿವಿಯಿಂದ ಹಣೆಯವರೆಗೆ ಕೇಸರಿ, ಮೂಗಿನ ಎಡಕ್ಕೆ ಸಾಸಿವೆಯಷ್ಟು ಕಪ್ಪು ಚುಕ್ಕಿ. ಚಿಕ್ಕಮ್ಮ ಮೊದಲು ಹುಡುಕುವುದೇ ಆ ಚುಕ್ಕಿಯನ್ನು.

ಮೊದಲ ಚಿತ್ರ ಹಾಳಾಯ್ತು. ಸೆಲ್ಫಿ ಕ್ಯಾಮೆರಾದ ಫೋಟೋ ಎಡಬಲ ತಿರುಗಿತ್ತು, ಬಣ್ಣ ತುಂಬಿದ ಮೇಲೆ ಹಿಂದಿನ ಗೋಡೆಯ ಕ್ಯಾಲೆಂಡರ್ ಅಕ್ಷರ ಉಲ್ಟಾ ಇರುವುದು ಕಣ್ಣಿಗೆ ಬಿತ್ತು. ಈಗ ಹಿಂದಿನ ಕ್ಯಾಮೆರಾದಲ್ಲಿ, ಕಿಟಕಿ ಬೆಳಕಿನಲ್ಲಿ, ಮುಂದಿನಿಂದ ಮತ್ತು ಎರಡೂ ಪಕ್ಕದಿಂದ ತೆಗೆದಿದ್ದೇನೆ. ತೀರಾ ಹತ್ತಿರ ಹಿಡಿದರೆ ಮೂಗು ಉಬ್ಬಿ ಕಿವಿ ಚಿಕ್ಕದಾಗುತ್ತೆ, ಅದಕ್ಕೇ ಸ್ವಲ್ಪ ದೂರ ಕೂತು ಜೂಮ್ ಮಾಡಿದೆ. ಒಂದು ಕಣ್ಣಿನ ಅಗಲವನ್ನೇ ಅಳತೆಯಾಗಿ ಇಟ್ಟುಕೊಂಡು ಮೊದಲು ವೇಷ ಇಲ್ಲದ ಮುಖವನ್ನು ಪೂರ್ತಿ ಬರೆದು, ಅದರ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ವೇಷ ಬರೆಯುತ್ತಿದ್ದೇನೆ.

ಸಿಕ್ಕಿಬಿದ್ದಿರುವುದು ಇಲ್ಲಿ. ಮುಂದಲೆಯನ್ನು ಹಣೆಗೆ ಕಟ್ಟಿದರೆ ಕೇಸರಿ ಪೂರ್ತಿ ಮುಚ್ಚಿಹೋಗುತ್ತೆ, ಆಮೇಲೆ ಅದು ಯಾವ ಬೆಕ್ಕಾದರೂ ಆಗಬಹುದು ಅಲ್ವಾ? ಕಿವಿಯ ಹಿಂದಕ್ಕೆ ಸರಿಸಿದರೆ ಬಣ್ಣ ಕಾಣುತ್ತೆ, ಆದರೆ ವೇಷ ಜಾರಿಬಿದ್ದ ಹಾಗೆ ಇದೆ. ಇಂಥದ್ದು ಬಿಡಿಸಿದವರು ಮುಂದಲೆಯನ್ನು ಎಲ್ಲಿ ಕೂರಿಸಿದಿರಿ? ಮುಖವನ್ನು ಸ್ವಲ್ಪ ಬಲಗಡೆ ತೋರುವ ಹಾಗೆ ತಿರುಗಿಸಿದರೆ ಮೂಗಿನ ಆಚೆ ಪಕ್ಕದ ಆ ಚುಕ್ಕಿ ಉಳಿಯುತ್ತಾ?